ಚಾರ್ಟಿನ ಬಾರುಗಳ ಬಣ್ಣ ಬದಲಿಸೋದು ಅಷ್ಟೇ ಅಲ್ವಾ?

"ಚಾರ್ಟ್ ಚೆನ್ನಾಗೇ ಇದೆಯಲ್ಲ, ಬರೀ ಬಣ್ಣ ಬದಲಿಸೋಕೆ ಇಷ್ಟೊತ್ತು ಯಾಕೆ?"

ಚಾರ್ಟ್ ತಿದ್ದಿಸೋಕೆ ಬರೋ ಗಿರಾಕಿಗಳೆಲ್ಲ ಕೇಳೋದು ಇದನ್ನೇ. ಚೆನ್ನಾಗಿರೋದು ನಿಮ್ಮ ಮೊಬೈಲ್‌ನಲ್ಲಿ. ನನ್ನ ಡಿಟಿಪಿ ಅಂಗಡಿಯಿಂದ ಹೊರಗೆ ಹೋಗೋದು ಜೆರಾಕ್ಸ್. ಆ "ಬರೀ" ಅನ್ನೋ ಶಬ್ದ ಕೇಳಿದಾಗೆಲ್ಲ ನನಗೆ ಶಿರಸಿ ಕಡೆಯ ಒಂದು ಸೊಸೈಟಿಯ ವಾರ್ಷಿಕ ಸಭೆ ನೆನಪಾಗುತ್ತದೆ. ವರದಿಯ ಮುಖಪುಟ ಮಾತ್ರ ಕಲರ್, ಒಳಗೆಲ್ಲ ಕಪ್ಪು ಬಿಳುಪು. ಅಡಿಕೆ ವಹಿವಾಟಿನ ಚಾರ್ಟಿನಲ್ಲಿ ಅಡಿಕೆಯ ಮೂರು ಬಗೆಗೆ ಮೂರು ಬಣ್ಣದ ಬಾರು: ರಾಶಿಗೆ ಕೆಂಪು, ಚಾಲಿಗೆ ಹಸಿರು, ಬೆಟ್ಟೆಗೆ ನೀಲಿ. (ಬಿಳಿ ಚಾಲಿಗೆ ಹಸಿರು ಹಾಕಿದ್ದು ಯಾರೋ ಗೊತ್ತಿಲ್ಲ, ನಾನಂತೂ ಅಲ್ಲ.) ಹಿಂದಿನ ಸಾಲಿನಲ್ಲಿ ಕೂತಿದ್ದ ಭಟ್ಟರು ಎದ್ದು "ತಮಾ, ಇದ್ರಲ್ಲಿ ಚಾಲಿ ಯಾವ್ದಾ, ರಾಶಿ ಯಾವ್ದಾ?" ಅಂತ ಕೇಳಿದರು. ವೇದಿಕೆಯಲ್ಲಿದ್ದವರು ತಮ್ಮ ಪ್ರತಿ ತಿರುಗಿಸಿ ಮುರುಗಿಸಿ ನೋಡಿದರು. ಯಾರಿಗೂ ಗೊತ್ತಾಗಲಿಲ್ಲ.

ಗೊತ್ತಾಗೋದಾದರೂ ಹೇಗೆ? ಕಪ್ಪು ಬಿಳುಪು ಮಾಡುವಾಗ ಬಣ್ಣದ ಕೆಂಪು ಭಾಗಕ್ಕೆ 0.299, ಹಸಿರಿಗೆ 0.587, ನೀಲಿಗೆ 0.114 ತೂಕ ಕೊಟ್ಟು ಕೂಡಿಸೋದು ಒಂದು ಹಳೇ ಲೆಕ್ಕ. ಅಪ್ಪಟ ಕೆಂಪು ಅಂದರೆ 255, ಅದನ್ನು ಗುಣಿಸಿದರೆ 76. ಆ ಚಾರ್ಟಿನ ಗಾಢ ಹಸಿರು `#008000`, ಅಂದರೆ 128, ಗುಣಿಸಿದರೆ 75. ಸೊನ್ನೆ ಕಪ್ಪು, 255 ಬಿಳಿ ಅನ್ನೋ ಅಳತೆಯಲ್ಲಿ ಒಂದೇ ಒಂದು ಅಂಕದ ವ್ಯತ್ಯಾಸ. ಕೆಂಪು ಹಸಿರು ಬೇರೆ ಮಾಡಲಾಗದ ಕಣ್ಣಿಗೆ ಕಲರ್ ಪ್ರತಿ ಕೊಟ್ಟರೂ ಎರಡೂ ಒಂದೇ ಥರದ ಮಣ್ಣು ಬಣ್ಣ. ನಮ್ಮ ಮನೆಯಲ್ಲೇ ಒಬ್ಬರಿಗೆ ಕೆಳಗಿಂದ ನೋಡಿದರೆ ಹಣ್ಣಡಿಕೆ ಗೊನೆ ಯಾವುದು, ಹಸಿ ಗೊನೆ ಯಾವುದು ಅಂತ ತಿಳಿಯೋದಿಲ್ಲ.

ಹಾಗಾದರೆ ವರ್ಣಾಂಧರಿಗೆ ಅಂತಲೇ ಮಾಡಿದ ಬಣ್ಣಗಳ ಪಟ್ಟಿ ಇದೆಯಲ್ಲ, ಅದರಿಂದ ಯಾವುದಾದರೂ ಎತ್ತಿಕೊಳ್ಳಿ ಅನ್ನುತ್ತಾರೆ. ಜಪಾನಿನ ವಿಜ್ಞಾನಿಗಳಾದ ಒಕಾಬೆ ಮತ್ತು ಇಟೊ ಮಾಡಿದ ಪಟ್ಟಿ ನಿಜಕ್ಕೂ ಒಳ್ಳೆಯದು. ಆದರೆ ಅದರ ಕಿತ್ತಳೆ `#E69F00` ಮತ್ತು ತಿಳಿ ನೀಲಿ `#56B4E9` ಎರಡನ್ನೂ ಅದೇ ಲೆಕ್ಕಕ್ಕೆ ಹಾಕಿ ನೋಡಿ: 162 ಮತ್ತು 158. ಕಣ್ಣಿಗೆ ಪಾಸು, ಜೆರಾಕ್ಸಿಗೆ ಫೇಲು. ಎರಡು ಪರೀಕ್ಷೆ ಬೇರೆ ಬೇರೆ, ಎರಡನ್ನೂ ದಾಟಬೇಕು.

ಆ ಚಾರ್ಟಿಗೆ ನಾನು ಮಾಡಿದ್ದು ಇಷ್ಟು. ಬೆಟ್ಟೆಯ ನೀಲಿ ಮುಟ್ಟಲಿಲ್ಲ, ಅದರ ಲೆಕ್ಕ 29. ರಾಶಿಗೆ ಅದೇ ಪಟ್ಟಿಯ ಕೆಂಗಿತ್ತಳೆ `#D55E00`, 119. ಚಾಲಿಗೆ ಹಳದಿ `#F0E442`, 213. ಮಧ್ಯೆ ತೊಂಬತ್ತರ ಆಸುಪಾಸು ಅಂತರ. ಪ್ರತಿ ಪ್ರಿಂಟರ್ ತನ್ನದೇ ಲೆಕ್ಕ ಹಾಕುತ್ತದೆ, ಅದಕ್ಕೇ ಇಷ್ಟು ದೊಡ್ಡ ಅಂತರ ಬೇಕು.

ಈಗ ಟೈಮ್ ಹೋಗುವ ಜಾಗಕ್ಕೆ ಬರೋಣ. ಚಿತ್ರ ತಿದ್ದೋ ಸಾಫ್ಟ್‌ವೇರ್ ಗಿಂಪ್‌ನಲ್ಲಿ ಮೊದಲು Image > Mode ನೋಡಿ, Indexed ಇದ್ದರೆ RGB ಮಾಡಿ. ಇಲ್ಲದಿದ್ದರೆ ನೀವು ಹಳದಿ ತುಂಬಿದರೂ ಫೈಲಿನಲ್ಲಿ ಮೊದಲೇ ಇರುವ ಯಾವುದೋ ಬಣ್ಣ ಬಂದು ಕೂರುತ್ತದೆ. ಆಮೇಲೆ Select by Color ತಗೊಂಡು ಒಂದು ಹಸಿರು ಬಾರಿನ ಮೇಲೆ ಕ್ಲಿಕ್ ಮಾಡಿ. ಎಲ್ಲ ಹಸಿರು ಬಾರುಗಳ ಜೊತೆ ಯಾವ ಬಣ್ಣ ಯಾವುದಕ್ಕೆ ಅಂತ ಹೇಳುವ ಪಕ್ಕದ ಸೂಚಿಯ ಚಿಕ್ಕ ಚೌಕವೂ ಸಿಗಬೇಕು. ಅದು ಬಿಟ್ಟುಹೋದರೆ ಇಡೀ ಚಾರ್ಟೇ ಸುಳ್ಳು. ಉಲ್ಟಾ ಕಾಟವೂ ಇದೆ: ಶೀರ್ಷಿಕೆ ಅದೇ ಹಸಿರಿನಲ್ಲಿದ್ದರೆ ಅದೂ ಸೇರಿಕೊಂಡು, ಬಿಳಿ ಮೇಲೆ ಹಳದಿ ಅಕ್ಷರ ಆಗಿ ಮಾಯ ಆಗುತ್ತದೆ.

ಬಣ್ಣ ತುಂಬಿದ ಮೇಲೆ ಬಾರಿನ ಅಂಚಲ್ಲಿ ಹಳೇ ಹಸಿರಿನ ತೆಳು ಗೆರೆ ಉಳಿಯುತ್ತದೆ, ಯಾಕಂದರೆ ಅಂಚಿನ ಪಿಕ್ಸೆಲ್‌ಗಳು ಅರ್ಧ ಹಸಿರು, ಅರ್ಧ ಬಿಳಿ. ತುಂಬುವ ಮೊದಲೇ Select > Grow ಒಂದು ಪಿಕ್ಸೆಲ್ ಕೊಟ್ಟು, ತುಂಬಿದ ಮೇಲೆ Stroke Selection ಹಾಕಿ ಎರಡು ಪಿಕ್ಸೆಲ್ ಕಪ್ಪು ಗೆರೆ ಎಳೆದರೆ ಅದು ಮುಚ್ಚಿಹೋಗುತ್ತದೆ. ಹಳದಿ ಬಾರು ಬಿಳಿ ಹಾಳೆಯಲ್ಲಿ ಕರಗೋದೂ ಇದರಿಂದ ತಪ್ಪುತ್ತದೆ. ಕೊನೆಗೆ View > Display Filters ಒಳಗಿನ Color Deficient Vision ಹಾಕಿ ಒಮ್ಮೆ ನೋಡೋದು, ಆಮೇಲೆ ನಿಜವಾದ ಜೆರಾಕ್ಸ್ ಒಂದು ತೆಗೆಯೋದು. ಸ್ಕ್ರೀನ್ ನಂಬಬೇಡಿ.

ನನಗೆ ಯಾರೂ ಕೇಳದ ಪ್ರಶ್ನೆ ಬೇರೆ ಇದೆ: "ಎಕ್ಸೆಲ್ ಫೈಲೇ ಕೊಡ್ಲಾ?" ಕೊಟ್ಟರೆ ಮೇಲಿನದ್ದೆಲ್ಲ ಐದು ನಿಮಿಷದ ಕೆಲಸ. ಅದರ ನಂತರ ಬರಬೇಕಾದ್ದು, "ಬಣ್ಣವೇ ಇಲ್ಲದೆ ಇದನ್ನು ಓದೋಕಾಗುತ್ತಾ?" ಮೂರು ಬಾರುಗಳಿಗೆ ಮೂರು ಬೂದು ಸಾಕು. ಕೆಂಪುಗೋಟು, ಬಿಳಿಗೋಟು ಅಂತ ಐದಾರು ಬಗೆ ಸೇರಿಸಿದರೆ ಅಂತರಕ್ಕೆ ಜಾಗ ಉಳಿಯೋದಿಲ್ಲ, ಆಗ ನಾನು ಬಣ್ಣದ ಹಿಂದೆ ಬೀಳದೆ ಬಾರಿನ ತಲೆ ಮೇಲೇ ರಾಶಿ, ಚಾಲಿ ಅಂತ ಬರೆದುಬಿಡುತ್ತೇನೆ.

ಎಕ್ಸೆಲ್ ಇಲ್ಲ, ಚಿತ್ರವೇ ಇರೋದು ಅಂದರೆ ವಾಟ್ಸಾಪ್‌ನಲ್ಲಿ ಡಾಕ್ಯುಮೆಂಟ್ ಅಂತ ಕಳಿಸಿ. ಫೋಟೋ ಅಂತ ಕಳಿಸಿದರೆ ಅದು ಜೆಪೆಗ್ ಆಗಿ ಹಿಂಡಿಹೋಗಿ, ಒಂದು ಹಸಿರಿದ್ದ ಜಾಗದಲ್ಲಿ ನೂರಾರು ಹಸಿರು ಆಗಿರುತ್ತವೆ, ಆಮೇಲೆ ಇಷ್ಟೊತ್ತು ಯಾಕೆ ಅಂತ ಮತ್ತೆ ಕೇಳಬೇಡಿ.