ಹಿಸ್ ಬಾಲದ ಹಸಿರು ಪ್ರೋಟೀನಿನ ಶುದ್ಧೀಕರಣ: ಬಳ್ಳಾರಿಯಿಂದ ಮೂರನೆಯ ಪ್ರಗತಿ ಟಿಪ್ಪಣಿ

ಕಳೆದ ತಿಂಗಳ ಮೊದಲ ಪ್ರಯತ್ನದಲ್ಲಿ ಹಿಸ್ಟಿಡಿನ್ ಅಮೈನೋ ಆಮ್ಲಗಳ ಸಾಲಾದ ಹಿಸ್ ಬಾಲವನ್ನು ಹಿಡಿದುಕೊಳ್ಳುವ ನಿಕಲ್ ರೆಸಿನ್‌ನಿಂದ ಹೊರಬಂದ, ನೀಲಿ ಬೆಳಕಿಗೆ ಹಸಿರಾಗಿ ಹೊಳೆಯುವ ಪ್ರೋಟೀನ್ ಜಿಎಫ್‌ಪಿ ಕಣ್ಣಿಗೆ ಸೊಗಸಾದ ಹಸಿರಾಗಿಯೇ ಕಂಡಿತ್ತು. ಆದರೆ ಪ್ರೋಟೀನುಗಳನ್ನು ಗಾತ್ರದಂತೆ ಬೇರ್ಪಡಿಸುವ ಜೆಲ್ ಓಡಿಸಿದಾಗ ನಮ್ಮ ಪ್ರೋಟೀನಿನ 28 ಕಿಲೋಡಾಲ್ಟನ್ ಪಟ್ಟಿಯ ಜೊತೆಗೆ 75ರ ಸಮೀಪ ಒಂದು, 25ರ ಸಮೀಪ ಇನ್ನೊಂದು ಪಟ್ಟಿ ಕಾಣಿಸಿಕೊಂಡವು. ಈ ಎರಡು ಜಾಗಗಳೂ ಇ. ಕೋಲಿಯಿಂದ ಪ್ರೋಟೀನ್ ತೆಗೆಯುವವರಿಗೆಲ್ಲ ಪರಿಚಿತವಾದವು. ಆ ಬ್ಯಾಕ್ಟೀರಿಯಾದ ಆರ್ನ್‌ಎ ಮತ್ತು ಸ್ಲೈಡಿ ಎಂಬ ಸ್ವಂತ ಪ್ರೋಟೀನುಗಳ ಮೇಲ್ಮೈಯಲ್ಲಿ ಹಿಸ್ಟಿಡಿನ್‌ಗಳು ಗುಂಪಾಗಿರುವುದರಿಂದ ಅವು ಬಾಲವಿಲ್ಲದೆಯೂ ನಿಕಲ್‌ಗೆ ಅಂಟಿಕೊಳ್ಳುತ್ತವೆ.

ತೊಳೆತ ಸಾಲದೆ ಹೀಗಾಯಿತೆಂದು ನಾನು ಮೊದಲು ತಿಳಿದೆ. ಇಮಿಡಜೋಲ್ ಎಂದರೆ ಹಿಸ್ಟಿಡಿನ್‌ನ ಪಾರ್ಶ್ವ ಸರಪಳಿಯಲ್ಲಿರುವ ಉಂಗುರವೇ. ಅದು ನಿಕಲ್‌ನ ಮೇಲಿನ ಅದೇ ಜಾಗಕ್ಕಾಗಿ ಪ್ರೋಟೀನಿನೊಡನೆ ಪೈಪೋಟಿ ಮಾಡುತ್ತದೆ. ತೊಳೆಯುವ ದ್ರಾವಣದಲ್ಲಿ ಅದರ ಪ್ರಮಾಣ ಹೆಚ್ಚಿದಷ್ಟೂ ಸಡಿಲವಾಗಿ ಹಿಡಿದಿರುವ ಪ್ರೋಟೀನುಗಳು ಕಳಚಿಕೊಳ್ಳುತ್ತವೆ, ಆದರೆ ಒಂದು ಮಿತಿ ದಾಟಿದರೆ ನಮ್ಮದೂ ಹೋಗುತ್ತದೆ. ಆ ಮಿತಿಯನ್ನು ಕಂಡುಕೊಳ್ಳಲು ನಾಲ್ಕು ಸಣ್ಣ ಟ್ಯೂಬುಗಳಲ್ಲಿ ತಲಾ 100 ಮೈಕ್ರೋಲೀಟರ್ ರೆಸಿನ್‌ಗೆ ಒಂದೇ ಪ್ರಮಾಣದ ಲೈಸೇಟ್, ಅಂದರೆ ಒಡೆದ ಬ್ಯಾಕ್ಟೀರಿಯಾ ಕೋಶಗಳ ರಸ, ಕೂಡಿಸಿ, 20, 30, 40 ಮತ್ತು 60 ಮಿಲಿಮೋಲಾರ್ ಇಮಿಡಜೋಲ್‌ನಿಂದ ತೊಳೆದು, ತೊಳೆದ ನೀರನ್ನು ನೀಲಿ ದೀಪದ ಕೆಳಗೆ ಹಿಡಿದು ನೋಡಿದೆ. 20 ಮತ್ತು 30ರಲ್ಲಿ ನೀರು ಬಣ್ಣವಿಲ್ಲದೆ ಬಂತು, 40ರಲ್ಲಿ ತೆಳು ಹಸಿರು ಕಂಡಿತು, 60ರಲ್ಲಿ ನಮ್ಮ ಪ್ರೋಟೀನ್ ಸ್ಪಷ್ಟವಾಗಿಯೇ ಹರಿದುಹೋಗುತ್ತಿತ್ತು. ಹೀಗಾಗಿ 30 ನಿಗದಿಯಾಯಿತು. ಬೇರೆ ಪ್ರೋಟೀನಿಗೆ ಈ ಅಂಕಿ ಬೇರೆಯೇ ಆಗಬಹುದು, ಏಕೆಂದರೆ ಬಾಲ ಎಷ್ಟು ಹೊರಚಾಚಿಕೊಂಡಿದೆ ಎಂಬುದರ ಮೇಲೆ ಹಿಡಿತ ನಿಂತಿದೆ.

ಆದರೆ 30 ಮಿಲಿಮೋಲಾರ್‌ನಲ್ಲಿ ಮೊದಲಿಗಿಂತ ಹೆಚ್ಚು ತೊಳೆದರೂ 25ರ ಪಟ್ಟಿ ಪೂರ್ತಿ ಹೋಗಲಿಲ್ಲ. ಕಾರಣ ತಿಳಿದದ್ದು ಕಾಲಮ್ ಅನ್ನು ಸುಮ್ಮನೆ ನೋಡುತ್ತಾ ಕುಳಿತಾಗ. 2 ಮಿಲಿಲೀಟರ್ ರೆಸಿನ್‌ನಲ್ಲಿ ಹಸಿರು ಬಣ್ಣ ಮೇಲಿನ ಕಾಲು ಭಾಗದಲ್ಲಿ ಮಾತ್ರ ನಿಂತಿತ್ತು, ಕೆಳಗಿನ ಮುಕ್ಕಾಲು ಭಾಗ ನಿಕಲ್‌ನ ತಿಳಿನೀಲಿಯಲ್ಲೇ ಉಳಿದಿತ್ತು. ಖಾಲಿ ಬಿದ್ದ ಆ ಜಾಗವೆಲ್ಲ ಸ್ಲೈಡಿಯಂಥವಕ್ಕೆ ದೊರೆಯುತ್ತಿತ್ತು. ನಮ್ಮ 500 ಮಿಲಿಲೀಟರ್ ಕಲ್ಚರ್‌ನಲ್ಲಿರುವ ಪ್ರೋಟೀನಿಗೆ ಅಷ್ಟು ರೆಸಿನ್ ಬೇಕಾಗಿಯೇ ಇರಲಿಲ್ಲ.

ಏಪ್ರಿಲ್ 16ರಂದು ರೆಸಿನ್ ಅನ್ನು ಅರ್ಧ ಮಿಲಿಲೀಟರ್‌ಗೆ ಇಳಿಸಿದೆ. ಲೈಸೇಟ್‌ನ ದ್ರಾವಣ 50 ಮಿಲಿಮೋಲಾರ್ ಸೋಡಿಯಂ ಫಾಸ್ಫೇಟ್, 300 ಮಿಲಿಮೋಲಾರ್ ಉಪ್ಪು ಮತ್ತು 10 ಮಿಲಿಮೋಲಾರ್ ಇಮಿಡಜೋಲ್‌ನದ್ದು, ಪಿಎಚ್ 8. ಇಮಿಡಜೋಲ್ ಸ್ವತಃ ಪ್ರತ್ಯಾಮ್ಲವಾದ್ದರಿಂದ ಅದನ್ನು ಸೇರಿಸಿದ ಮೇಲೆ ಪಿಎಚ್ ಅನ್ನು ಹೈಡ್ರೋಕ್ಲೋರಿಕ್ ಆಮ್ಲದಿಂದ ಮತ್ತೆ 8ಕ್ಕೆ ಇಳಿಸಬೇಕು. 250 ಮಿಲಿಮೋಲಾರ್‌ನ ದ್ರಾವಣದಲ್ಲಿ ಈ ವ್ಯತ್ಯಾಸ ದೊಡ್ಡದು. ಹೊರಗೆ 40 ಡಿಗ್ರಿ ಇರುವ ಈ ಊರಿನ ಏಪ್ರಿಲ್‌ನಲ್ಲಿ, ನಮ್ಮಲ್ಲಿ ಶೀತಕೋಣೆಯಿಲ್ಲದ ಕಾರಣ, ಲೈಸೇಟ್, ದ್ರಾವಣ ಎಲ್ಲವನ್ನೂ ಐಸ್ ಪೆಟ್ಟಿಗೆಯಲ್ಲಿಟ್ಟೇ ಕೆಲಸ ಮಾಡಿದೆ. ಪ್ರೋಟೀನ್ ಕತ್ತರಿಸುವ ಪ್ರೋಟಿಯೇಸ್‌ಗಳನ್ನು ತಡೆಯುವ ಪಿಎಂಎಸ್‌ಎಫ್ ನೀರಿನಲ್ಲಿ ಬೇಗ ನಿಷ್ಕ್ರಿಯವಾಗುವುದರಿಂದ ಅದನ್ನು, ಶಬ್ದತರಂಗದಿಂದ ಕೋಶ ಒಡೆಯಲು ಸೋನಿಕೇಟ್ ಮಾಡುವ ಸ್ವಲ್ಪ ಮುನ್ನವಷ್ಟೇ ಬೆರೆಸಿದೆ. ಪ್ರೋಟಿಯೇಸ್ ತಡೆಗೆಂದು ಇಡಿಟಿಎಯನ್ನು ಮಾತ್ರ ಹಾಕಲೇಬಾರದು. ಅದು ನಿಕಲ್ ಅನ್ನೇ ರೆಸಿನ್‌ನಿಂದ ಕಿತ್ತುಕೊಂಡು ಹೋಗುತ್ತದೆ, ರೆಸಿನ್ ಬಿಳಿಚಿಕೊಂಡರೆ ಅದೇ ಆದದ್ದೆಂದು ತಿಳಿಯಬಹುದು.

ಈ ಬಾರಿ ರೆಸಿನ್ ಬಹುತೇಕ ತಳದವರೆಗೆ ಹಸಿರಾಯಿತು. ಕೆಳಗೆ ಹರಿದುಬಂದ ಲೈಸೇಟ್‌ನಲ್ಲಿಯೂ ನೀಲಿ ದೀಪಕ್ಕೆ ಸ್ವಲ್ಪ ಹೊಳಪು ಇತ್ತು, ಅಂದರೆ ಹಿಡಿಯುವ ಸಾಮರ್ಥ್ಯ ಮುಗಿದಿತ್ತು. ಆ ನಷ್ಟವನ್ನು ನಾನು ತಿಳಿದೇ ಒಪ್ಪಿಕೊಂಡೆ, ಏಕೆಂದರೆ ಬಾಲವುಳ್ಳ ಪ್ರೋಟೀನ್ ಜಾಗಕ್ಕಾಗಿ ಒತ್ತಿದಾಗಲೇ ಸಡಿಲ ಹಿಡಿತದವು ದೂರ ಸರಿಯುತ್ತವೆ. ನಂತರ 30 ಮಿಲಿಮೋಲಾರ್‌ನ 10 ಮಿಲಿಲೀಟರ್ ದ್ರಾವಣದಿಂದ ತೊಳೆದೆ, ಅಂದರೆ ರೆಸಿನ್‌ನ ಗಾತ್ರದ 20 ಪಟ್ಟು.

ಹೊರತೆಗೆಯಲು 250 ಮಿಲಿಮೋಲಾರ್ ದ್ರಾವಣವನ್ನು ಅರ್ಧ ಅರ್ಧ ಮಿಲಿಲೀಟರ್ ಹಾಕಿ, ಪ್ರತಿ ಸಲ ಐದು ನಿಮಿಷ ಹಾಗೇ ಬಿಟ್ಟು ಇಳಿಸಿದೆ. ಮೊದಲ ಭಾಗ ಪೇಲವವಾಗಿತ್ತು, ಎರಡು ಮತ್ತು ಮೂರನೆಯದರಲ್ಲೇ ಬಹುಪಾಲು ಪ್ರೋಟೀನ್ ಬಂತು. ಇಮಿಡಜೋಲ್ 280 ನ್ಯಾನೋಮೀಟರ್‌ನಲ್ಲಿ ತಾನೂ ಬೆಳಕು ಹೀರುವುದರಿಂದ, ಅಳೆಯುವಾಗ ಶೂನ್ಯವನ್ನು ಅದೇ ದ್ರಾವಣದಿಂದ ಹೊಂದಿಸಿದೆ. ಮೊದಲ ತಿಂಗಳಲ್ಲಿ ನೀರಿನಿಂದ ಹೊಂದಿಸಿ ಬರೆದಿದ್ದ ಅಂಕಿಗಳು ಅದಕ್ಕಾಗಿಯೇ ಹೆಚ್ಚಾಗಿದ್ದವು, ಅವನ್ನು ನೋಟ್‌ಬುಕ್‌ನಲ್ಲಿ ಹೊಡೆದುಹಾಕಿದ್ದೇನೆ.

ಜೆಲ್‌ನಲ್ಲಿ 75ರ ಪಟ್ಟಿ ಕಾಣಲಿಲ್ಲ, 25ರದು ಕಣ್ಣು ಕಿರಿದು ಮಾಡಿ ನೋಡಿದರೆ ಮಾತ್ರ ಕಾಣುವಷ್ಟು ತೆಳುವಾಯಿತು. ಎರಡು ಮತ್ತು ಮೂರನೆಯ ಭಾಗಗಳನ್ನು ಒಟ್ಟುಗೂಡಿಸಿ, ಇಮಿಡಜೋಲ್ ತೆಗೆಯಲು ಈ ರಾತ್ರಿ ಡಯಾಲಿಸಿಸ್‌ಗೆ ಫ್ರಿಜ್‌ನಲ್ಲಿ ಇಟ್ಟಿದ್ದೇನೆ. ಬೆಳಿಗ್ಗೆ ಚೀಲದಲ್ಲಿ ಬಿಳಿ ಮಸುಕು ಕಾಣಿಸಿದರೆ ಪ್ರೋಟೀನ್ ಗಟ್ಟಿಯಾಗಿ ಉದುರಿದೆ ಎಂದರ್ಥ, ಆಗ ಮುಂದಿನ ಸಲ ಉಪ್ಪಿನ ಪ್ರಮಾಣವನ್ನು ನಿಧಾನವಾಗಿ ಇಳಿಸಬೇಕಾಗುತ್ತದೆ.