ಸದ್ದು ಪಂಪಿನದಲ್ಲ, ವೆಂಚುರಿಯದು

ಬೆಂಗಳೂರಿನ ಒಂದು ಪಂಪ್ ಕಾರ್ಖಾನೆಯ ಟೆಸ್ಟ್ ಬೆಡ್‌ನಲ್ಲಿ ನಾನಿದ್ದಾಗ ನಡೆದದ್ದು. ಇವತ್ತಿಗೂ ನೆನೆದರೆ ಚುರುಕ್ ಅನ್ನುತ್ತದೆ.

ಗ್ಯಾರಂಟಿ ಪಾಯಿಂಟ್ ಸೆಕೆಂಡಿಗೆ 30 ಲೀಟರ್. ಗಿರಾಕಿ ಕಡೆಯ ಇನ್‌ಸ್ಪೆಕ್ಟರ್ ಪಕ್ಕದಲ್ಲೇ ನಿಂತಿದ್ದರು. 100 ಮಿ.ಮೀ. ಲೈನು, ಅದರಲ್ಲಿ ಹರಿವು ಅಳೆಯಲು ನಡುವೆ ಕಿರಿದಾಗುವ, 50 ಮಿ.ಮೀ. ಥ್ರೋಟ್‌ನ ವೆಂಚುರಿ. 25 ಲೀಟರ್‌ವರೆಗೆ ಎಲ್ಲವೂ ಶಾಂತ. 27 ದಾಟುತ್ತಿದ್ದಂತೆ ಪೈಪಿನೊಳಗೆ ಜಲ್ಲಿ ಉರುಳಿದ ಹಾಗೆ ಸದ್ದು. ವೆಂಚುರಿಯ ಒತ್ತಡ ವ್ಯತ್ಯಾಸ ತೋರಿಸುವ ಡಿಪಿ ಟ್ರಾನ್ಸ್‌ಮಿಟರಿನ ಅಂಕಿ ಕುಣಿಯತೊಡಗಿತು. ಪಂಪಿನ ಸಕ್ಷನ್ ಕಡೆ ಒತ್ತಡ ಕುಸಿದು ನೀರಿನಲ್ಲಿ ಆವಿಗುಳ್ಳೆ ಏಳುತ್ತಿದೆ, ಅಂದರೆ ಕ್ಯಾವಿಟೇಶನ್, ಎಂದು ಅಲ್ಲೇ ತೀರ್ಮಾನಿಸಿಬಿಟ್ಟೆ. ಪಂಪ್ ನಿಲ್ಲಿಸಿ ಸ್ಟ್ರೈನರ್ ಬಿಚ್ಚಿಸಿದೆ. ಅದರಲ್ಲಿ ಏನೂ ಇರಲಿಲ್ಲ. ಸಕ್ಷನ್ ಗೇಜು ಮೊದಲಿನಷ್ಟೇ ತೋರಿಸುತ್ತಿತ್ತು, ಅದನ್ನು ನಾನು ನೋಡಲೇ ಇಲ್ಲ. ಎರಡು ಗಂಟೆ ಹೋಯಿತು.

ಹಿರಿಯ ಫಿಟ್ಟರ್ ಉದ್ದನೆಯ ಸ್ಕ್ರೂಡ್ರೈವರನ್ನು ಮೊದಲು ಕೇಸಿಂಗಿಗೆ, ಆಮೇಲೆ ವೆಂಚುರಿಯ ಅಗಲವಾಗುವ ಕೋನಿಗೆ ಒತ್ತಿ ಕಿವಿಗೊಟ್ಟರು. "ಸರ್, ಸದ್ದು ಇಲ್ಲಿಂದ ಬರ್ತಿದೆ, ಪಂಪಿಂದಲ್ಲ" ಎಂದರು. ಥ್ರೋಟಿನಲ್ಲಿ ಹುಟ್ಟಿದ ಗುಳ್ಳೆಗಳು ಒತ್ತಡ ಮರಳುವ ಆ ಕೋನಿನಲ್ಲೇ ಒಡೆಯುತ್ತವೆ.

ಆಗ ಕಾಗದ ಹಿಡಿದೆ. ನಾನು ಹರಿವನ್ನು ಹಿಡಿಯುತ್ತಿದ್ದದ್ದು ವೆಂಚುರಿಗೆ ಮುಂಚಿನ ವಾಲ್ವಿನಿಂದ. ವೆಂಚುರಿಯ ಆಚೆಗಿನ ವಾಲ್ವು ಪೂರ್ತಿ ತೆರೆದಿತ್ತು, ಲೈನು ಸೀದಾ ಸಂಪಿಗೆ ಬೀಳುತ್ತಿತ್ತು. ಹಾಗಾಗಿ ವೆಂಚುರಿಯ ಬಾಯಲ್ಲಿ ಗೇಜು ಬರೀ 10 ಕಿಲೋಪಾಸ್ಕಲ್. ನಮ್ಮ ಊರಿನ ಎತ್ತರಕ್ಕೆ ಗಾಳಿಯ ಒತ್ತಡ ಸುಮಾರು 91, ಪಠ್ಯಪುಸ್ತಕದ 101 ಅಲ್ಲ. ಒಟ್ಟು 101. 30 ಡಿಗ್ರಿಯ ನೀರಿನ ಆವಿ ಒತ್ತಡ 4.2. ಥ್ರೋಟಿನಲ್ಲಿ ಇಳಿಯಲು ಉಳಿದದ್ದು 96.8.

```
Q = C·A2·√(2·Δp / (ρ·(1−β⁴)))
C = 0.98, β = 0.5, ρ = 996
```

ಲೆಕ್ಕ ಬಂದದ್ದು 27.7 ಲೀಟರ್. ಕರಗಿದ ಗಾಳಿ ಇದಕ್ಕಿಂತ ಮುಂಚೆಯೇ ಹೊರಬರುವುದರಿಂದ ಸದ್ದು 27ರ ಆಸುಪಾಸಿನಲ್ಲಿ ಎದ್ದದ್ದು ಸರಿಯೇ. 30 ಲೀಟರಿಗೆ ಬೇಕಾದ ಇಳಿತ 113. ಅಷ್ಟು ಇಳಿಯಲು ನೀರಿಗೆ ಜಾಗವೇ ಇರಲಿಲ್ಲ.

ಮುಂಚಿನ ವಾಲ್ವನ್ನು ಪೂರ್ತಿ ತೆರೆದು, ವೆಂಚುರಿ ಆದ ಮೇಲಿನ ವಾಲ್ವಿನಿಂದ ಹಿಡಿದೆ. ಬಾಯಲ್ಲಿ ಗೇಜು 190ಕ್ಕೆ ಏರಿತು. ಅದೇ ವೆಂಚುರಿಯ ಮಿತಿ ಈಗ ಸುಮಾರು 47 ಲೀಟರ್. 30ರಲ್ಲಿ ಥ್ರೋಟಿನ ಒತ್ತಡ 167ರ ಹತ್ತಿರ. ಸದ್ದು ಅಡಗಿತು, ಅಂಕಿ ನಿಂತಿತು, ಪಂಪು ಪಾಸಾಯಿತು.

ವೆಂಚುರಿ ಆದ ಮೇಲಿನ ವಾಲ್ವಿನ ಚಕ್ರ ಸಂಪಿನ ಅಂಚಿನಲ್ಲಿದೆ, ಪ್ಯಾನೆಲ್‌ನಿಂದ ಕೈಗೆಟುಕುವುದಿಲ್ಲ. ಅದಕ್ಕೇ ಎಲ್ಲರೂ ಮುಂಚಿನದನ್ನೇ ತಿರುಗಿಸುತ್ತಿದ್ದದ್ದು. ಉದ್ದ ಸ್ಪಿಂಡಲ್ ಬೇಕೆಂದು ಮೂರು ಸಲ ಬರೆದೆ, ಮ್ಯಾನೇಜ್‌ಮೆಂಟ್ ಮಂಜೂರು ಮಾಡಲಿಲ್ಲ. ಕೊನೆಗೆ ಮುಂಚಿನ ವಾಲ್ವನ್ನು ಪೂರ್ತಿ ತೆರೆದು, ಚಕ್ರಕ್ಕೆ ಸರಪಳಿ ಹಾಕಿ ಬೀಗ ಜಡಿದೆ.