ಇಸ್ತ್ರಿ ಪೆಟ್ಟಿಗೆಯೊಳಗೆ ಇದ್ದದ್ದು ಬರೀ ಸುಣ್ಣ ಅಲ್ಲ

ಸ್ನೇಹಿತರೊಬ್ಬರ ಸ್ಟೀಮ್ ಇಸ್ತ್ರಿ ಪೆಟ್ಟಿಗೆ ಬಟ್ಟೆ ಮೇಲೆ ಬಿಳಿ ಚಕ್ಕೆ ಉಗುಳುವುದನ್ನು ನಿಲ್ಲಿಸಿದೆ. ಕಾರಣ ಸಿಕ್ಕ ಖುಷಿಯಲ್ಲಿ ಬರೆಯುತ್ತಿದ್ದೇನೆ.

ಅದರ ಜೊತೆ ಬಂದ ಕೆಟಲ್‌ನ ಸುಣ್ಣ ತೆಗೆಯುವ ವಿಷಯ ಬೇಗ ಮುಗಿಸುತ್ತೇನೆ. ಒಂದು ಲೀಟರ್ ನೀರಿಗೆ 20 ಗ್ರಾಂ ಸಿಟ್ರಿಕ್ ಆಸಿಡ್, ಕೈಗೆ ಬೆಚ್ಚಗೆ ಅನ್ನಿಸುವಷ್ಟು ಬಿಸಿ. ಗುಳ್ಳೆ ಏಳುವುದು ನಿಲ್ಲುವವರೆಗೆ ಬಿಟ್ಟು, ಚೆಲ್ಲಿ, ಚೆನ್ನಾಗಿ ತೊಳೆದರೆ ಆಯಿತು. ಗುಳ್ಳೆ ನಿಂತರೂ ಪೊರೆ ಉಳಿದಿದ್ದರೆ ಸಾಮಾನ್ಯವಾಗಿ ಆಸಿಡ್ ಖರ್ಚಾಗಿರುತ್ತದೆ, ಹೊಸದಾಗಿ ಬೆರೆಸಿ ಹಾಕಿ. ಕುದಿಸಬೇಡಿ. ಯಾಕೆ ಅನ್ನುವುದಕ್ಕೆ ಈ ಇಸ್ತ್ರಿ ಪೆಟ್ಟಿಗೆಯೇ ಸಾಕ್ಷಿ.

ಇದಕ್ಕೆ ಮೊದಲೇ ಒಂದು ಸಲ ಸುಣ್ಣ ತೆಗೆಯುವ ಪುಡಿ ಹಾಕಿದ್ದರಂತೆ. ಪ್ಯಾಕೆಟ್ ತರಿಸಿ ನೋಡಿದೆ. ಮುಂದುಗಡೆ ‘ಸಿಟ್ರಿಕ್ ಆಸಿಡ್’ ಅಂತಿದೆ, ಎಷ್ಟಿದೆ ಅಂತಿಲ್ಲ. ಹಿಂದುಗಡೆ ‘ಇಸ್ತ್ರಿ ಪೆಟ್ಟಿಗೆಗೆ ತುಂಬಿಸಿ, ಪೂರ್ತಿ ಕಾಯಿಸಿ, ಆವಿ ಬಿಡಿ’ ಅಂತ ಬರೆದಿದ್ದಾರೆ. ಇಂಥ ಸೂಚನೆ ಅಚ್ಚು ಹಾಕುವವರ ಮೇಲೆ ನನಗೆ ನಿಜವಾಗಿಯೂ ಕೋಪವಿದೆ. ಪೆಟ್ಟಿಗೆಯ ತಳದಲ್ಲಿರುವ, ಕಾದ ಆವಿ ಕೋಣೆಯೊಳಗೆ ನೀರು ಹನಿಹನಿಯಾಗಿ ಬಿದ್ದು ತಕ್ಷಣ ಆವಿಯಾಗುತ್ತದೆ. ನೀರು ಹೋಗುತ್ತದೆ, ಕರಗಿದ್ದೆಲ್ಲ ಅಲ್ಲೇ ಕೂರುತ್ತದೆ. ಆಸಿಡ್ ಸುಣ್ಣದ ಜೊತೆ ಸೇರಿ ಕ್ಯಾಲ್ಸಿಯಂ ಸಿಟ್ರೇಟ್ ಆಗುತ್ತದೆ. ಅದರ ಸ್ವಭಾವವೇ ಉಲ್ಟಾ, ತಣ್ಣೀರಿಗಿಂತ ಬಿಸಿನೀರಿನಲ್ಲಿ ಕಡಿಮೆ ಕರಗುತ್ತದೆ. ಕಾಯಿಸಿದಷ್ಟೂ ಗಟ್ಟಿಯಾಗಿ ಉಳಿಯುತ್ತದೆ.

ಮೊದಲಿಗೆ ಇದು ನನಗೂ ಗೊತ್ತಾಗಲಿಲ್ಲ. ಒಳಗಿನ ಕೊಳೆಯನ್ನು ನೀರಿನ ಜೊತೆ ಹೊರಹಾಕುವ ಸೆಲ್ಫ್ ಕ್ಲೀನ್ ಎಷ್ಟು ಸಲ ಮಾಡಿದರೂ ಚಕ್ಕೆ ಬರುತ್ತಲೇ ಇತ್ತು. ಬಿದ್ದ ಒಂದು ಚಕ್ಕೆಯನ್ನು ಚಮಚದಲ್ಲಿಟ್ಟು ಹೊಸ ಸಿಟ್ರಿಕ್ ದ್ರಾವಣ ಒಂದು ಹನಿ ಬಿಟ್ಟೆ. ಸುಣ್ಣವಾಗಿದ್ದರೆ ಜುಯ್ ಅಂತ ಗುಳ್ಳೆ ಬರಬೇಕು ಅಲ್ವಾ? ಏನೂ ಬರಲಿಲ್ಲ. ಹಾಗಾದರೆ ಒಂದೋ ಸಿಟ್ರೇಟ್, ಇಲ್ಲ ನೀರಿನಿಂದಲೇ ಬಂದ ಕ್ಯಾಲ್ಸಿಯಂ ಸಲ್ಫೇಟ್. ಇನ್ನೊಂದು ಚಕ್ಕೆಯನ್ನು ಹಳೆಯ ಸ್ಟೀಲ್ ಚಮಚದಲ್ಲಿಟ್ಟು ಗ್ಯಾಸ್ ಉರಿಗೆ ಹಿಡಿದೆ. ಅಂಚು ಮೊದಲು ಕಂದಾಯಿತು, ಆಮೇಲೆ ಪೂರ್ತಿ ಕಪ್ಪಾಯಿತು. ಕೆಂಪಗೆ ಕಾಯಿಸುತ್ತಾ ಹೋದರೆ ಮತ್ತೆ ಬೂದು ಬಿಳಿಗೆ ತಿರುಗಿತು. ಆರಿದ ಮೇಲೆ ಅದೇ ಆಸಿಡ್ ಹನಿ ಬಿಟ್ಟರೆ ಈಗ ಗುಳ್ಳೆ! ಸಲ್ಫೇಟ್ ಹೀಗೆ ಕಪ್ಪಾಗಲ್ಲ. ಸಿಟ್ರೇಟ್‌ನಲ್ಲಿರುವ ಇಂಗಾಲ ಸುಟ್ಟು, ಉಳಿದದ್ದು ಮತ್ತೆ ಕಾರ್ಬೊನೇಟ್, ಅಂದರೆ ಅದೇ ಸುಣ್ಣ, ಆಗಿತ್ತು.

ಅಂದಮೇಲೆ ಇದಕ್ಕೆ ಇನ್ನಷ್ಟು ಆಸಿಡ್ ಬೇಡ, ಬಿಸಿಯೂ ಬೇಡ. ಆವಿ ಕೋಣೆ ಅಲ್ಯೂಮಿನಿಯಂ, ಅದರ ಒಳಗೆ ನೀರು ಬೇಗ ಹರಡುವಂತೆ ಲೇಪ ಕೊಟ್ಟಿರುತ್ತಾರೆ. ಆಸಿಡ್ ಅದನ್ನು ತಿಂದರೆ ಇಸ್ತ್ರಿ ಪೆಟ್ಟಿಗೆ ಆವಿಯ ಬದಲು ನೀರು ಉಗುಳುತ್ತದೆ. ವಿನೆಗರ್‌ಗೂ ಇದೇ ಮಾತು.

ನಾನು ಮಾಡಿದ್ದು ಇಷ್ಟೇ. ಪ್ಲಗ್ ತೆಗೆದು, ಪೂರ್ತಿ ತಣ್ಣಗಾದ ಪೆಟ್ಟಿಗೆಯನ್ನು ಒಂದು ತಟ್ಟೆಯಲ್ಲಿಟ್ಟ ತಂತಿ ಜಾಲರಿ ಮೇಲೆ ಚಪ್ಪಟೆಯಾಗಿ ಕೂರಿಸಿದೆ. ತಳ ಮಾತ್ರ ತಾಗುವಷ್ಟು ತಣ್ಣೀರು ತಟ್ಟೆಯಲ್ಲಿ. ಟ್ಯಾಂಕಿಗೆ ಖನಿಜ ತೆಗೆದ ತಣ್ಣೀರು ತುಂಬಿಸಿ ಆವಿ ಗುಂಡಿ ಪೂರ್ತಿ ತೆರೆದೆ. ನೀರು ನಿಧಾನಕ್ಕೆ ಕೋಣೆಯ ಮೂಲಕ ಸೋರುತ್ತಾ ಇರುತ್ತದೆ. ತಾಳ್ಮೆ ಬೇಕು, ಯಾಕೆಂದರೆ ಒಂದು ಲೀಟರ್ ತಣ್ಣೀರಿನಲ್ಲಿ ಸಿಟ್ರೇಟ್ ಒಂದು ಗ್ರಾಂಗಿಂತ ಕಡಿಮೆಯೇ ಕರಗುತ್ತದೆ. ಆದರೆ ಪೂರ್ತಿ ಕರಗಬೇಕಾಗಿಲ್ಲ. ಬುಡ ಸಡಿಲವಾದರೆ ಸಾಕು. ತಟ್ಟೆಯ ನೀರು ತಳದ ಅಂಚು ದಾಟಿ ಪ್ಲಾಸ್ಟಿಕ್ ಭಾಗಕ್ಕೆ ಹೋಗಬಾರದು, ಒಳಗೆ ವಿದ್ಯುತ್ ತಂತಿ ಇದೆ.

ಸೋರುವ ನೀರು ತಿಳಿಯಾದ ಮೇಲೆ ಎಲ್ಲ ಚೆಲ್ಲಿ, ಹೊರಗೆಲ್ಲ ಒರೆಸಿ, ಚೆನ್ನಾಗಿ ಒಣಗಲು ಬಿಟ್ಟೆ. ಆಮೇಲೆ ಹೊಸ ನೀರು ತುಂಬಿಸಿ ಪೂರ್ತಿ ಕಾಯಿಸಿ, ಪ್ಲಗ್ ಕಿತ್ತು, ಸಿಂಕ್ ಮೇಲೆ ಹಿಡಿದು ಸೆಲ್ಫ್ ಕ್ಲೀನ್ ಒತ್ತಿದೆ. ಅಂಗೈ ಕೆಳಗೆ ಬರದಂತೆ ಹಿಡಿಯಿರಿ, ಕುದಿಯುವ ನೀರು ಏಕಾಏಕಿ ಬರುತ್ತದೆ. ಹಿಂದೆ ಎಷ್ಟು ಒತ್ತಿದರೂ ಪುಡಿಯಷ್ಟೇ ಬರುತ್ತಿತ್ತು. ಈಗ ಉಗುರಿನಷ್ಟು ಅಗಲದ ತೆಳು ಹಾಳೆಗಳು ಬಿದ್ದವು, ಒಂದು ಬದಿ ನುಣುಪು, ಇನ್ನೊಂದು ಬದಿ ಕಂದು. ಕಪ್ಪು ಹಳೇ ಬಟ್ಟೆ ಮೇಲೆ ಆವಿ ಬಿಟ್ಟು ನೋಡಿದರೆ ಒಂದು ಚುಕ್ಕೆ ಇಲ್ಲ.

ಈ ಮಾದರಿಯಲ್ಲಿ ಆವಿ ಗುಂಡಿಯನ್ನು ಮೇಲಕ್ಕೆ ಎಳೆದರೆ ಕಡ್ಡಿಯ ಸಮೇತ ಹೊರಗೆ ಬರುತ್ತದೆ. ಅದರ ತುದಿಯ ಸುಣ್ಣಕ್ಕೆ ಮಾತ್ರ ಸಿಟ್ರಿಕ್ ದ್ರಾವಣ ಉಪಯೋಗಿಸಿದೆ, ಲೋಟದಲ್ಲಿ ಬೇರೆಯಾಗಿ ನೆನೆಸಿ. ಪೆಟ್ಟಿಗೆಯ ತಳದ ತುದಿಯ ಎರಡು ಆವಿ ತೂತು ಇನ್ನೂ ಮುಚ್ಚಿವೆ. ತಣ್ಣಗಿರುವಾಗ ಹತ್ತಿ ಕಡ್ಡಿಯಲ್ಲಿ ಅದೇ ದ್ರಾವಣ ಹಚ್ಚಿ ಒರೆಸುತ್ತೇನೆ. ಸೂಜಿ ಹಾಕಲ್ಲ, ತಳದ ಮೇಲೆ ಗೀರು ಬಿದ್ದರೆ ಬಟ್ಟೆಗೆ ಸಿಕ್ಕಿಕೊಳ್ಳುತ್ತದೆ.

ಮುಂದಿನದ್ದು ಪ್ರತ್ಯೇಕ ಬಾಯ್ಲರ್ ಇರುವ ಇಸ್ತ್ರಿ ಪೆಟ್ಟಿಗೆ, ಅಂದರೆ ಸ್ಟೀಮ್ ಸ್ಟೇಷನ್. ಕೆಳಗಡೆ ಡ್ರೇನ್ ತಿರುಪು ಇದೆ, ಅದನ್ನು ಬಿಚ್ಚಿ ಮೊದಲು ಬರೀ ನೀರಿನಲ್ಲಿ ಅಲ್ಲಾಡಿಸಿ ತೊಳೆಯುವ ಯೋಚನೆ. ಬರುವ ಚಕ್ಕೆಯನ್ನು ಮೊದಲು ಚಮಚದಲ್ಲಿಟ್ಟು ಹನಿ ಬಿಟ್ಟು ನೋಡಿ, ಆಮೇಲೆ ಯಾವುದಕ್ಕೆ ಕೈ ಹಾಕುವುದು ಅಂತ ತೀರ್ಮಾನ.